ತಲಿಕಟ್ಟಿನ ಕೆಳಗಿನ ಸಂದು

ನಮ್ಮ ಶಹಾಬಾದದಾಗ ಅಕ್ಷರ ಪಾಸಾಗೋದು ಫ್ಲೆಕ್ಸ್ ಮ್ಯಾಲ. ಮದುವಿ ಇರಲಿ, ಅಂಗಡಿ ಓಪನಿಂಗ್ ಇರಲಿ, ಮಂದಿ ನನ್ನ ಕಂಪ್ಯೂಟರ್ ಮುಂದ ಕುಂತು ತಲಿ ಅಲ್ಲಾಡಸ್ತಾರ, ಆದ್ರ ಒಪ್ಪೋದಿಲ್ಲ. "ಒಮ್ಮೆ ದೊಡ್ಡದು ಮಾಡಿ ತೋರಸ್ರಿ ಅಕ್ಕಾರ" ಅಂತಾರ. ಫ್ಲೆಕ್ಸ್ ಹಾಕಿ ರೋಡಿನ ಆ ಕಡೆ ನಿಂತು ನೋಡಿದ ಮ್ಯಾಲೇ "ಹಾಂ, ಈಗ ಛಲೋ ಕಾಣ್ತದ" ಅಂತ ಬರ್ತದ ಬಾಯಾಗಿಂದ. ನಾನೂ ಅದೇ ಊರಿನಾಕಿ. ಗ್ವಾಡಿ ಮ್ಯಾಲ ಬೋರ್ಡು ಬರೀತಿದ್ದ ನಮ್ಮ ಸೋದರಮಾವನ ಕೈಯಾಗ ಬ್ರಶ್ ಹಿಡೀಲಿಕ್ಕ ಕಲ್ತಾಕಿ, ಆಮ್ಯಾಲ ಕಂಪ್ಯೂಟರಿಗಿ ಬಂದಾಕಿ. ಅಕ್ಷರ ಅಂದ್ರ ದೂರದಿಂದ ಕಾಣಬೇಕು, ದೊಡ್ಡದಿರಬೇಕು, ಅಷ್ಟೇ ಅಂತ ತಿಳ್ಕೊಂಡಿದ್ದೆ. ಸಣ್ಣ ಅಕ್ಷರ ಅಂದ್ರ ಮದುವಿ ಕಾರ್ಡಿನ ಕೆಳಗ "ಉಡುಗೊರೆ ಬೇಡ" ಅಂತ ಹಾಕೋದು, ಅದನ್ನ ಯಾರೂ ಓದೋದಿಲ್ಲ.

ಒಂದು ದಿನ ಒಬ್ಬಾಕಿ ಹುಡುಗಿ ಬಂದ್ಳು. ಹುಡುಗಿ ಅಂತೀನಿ ಖರೆ, ಆಕೀಗಿ ಎರಡು ಮಕ್ಕಳು. ಊರ ಹೊರಗ ಆಕಿ ಅಬ್ಬಾಂದು ಕಲ್ಲಿನ ಯಾರ್ಡು ಅದ, ನೆಲಕ್ಕ ಹಾಸೋ ಪರಸಿ ಕಲ್ಲು ಕಡಿಯೋದು, ಪಾಲಿಶ್ ಮಾಡೋದು. ಅಬ್ಬಾ ತೀರಿಹೋಗಿ ವರ್ಷಾಗಿತ್ತು, ಯಾರ್ಡು ಆಕಿನೇ ನಡಸ್ತಿದ್ಳು. ಚಿಂಚೋಳಿ, ಸೇಡಂ ಕಡಿಂದ ಮನಿ ಕಟ್ಟೋ ಮಂದಿ ಫೋನಿನ್ಯಾಗೇ ಕಲ್ಲಿನ ಫೋಟೋ ನೋಡಿ ಆರ್ಡರ್ ಕೊಡಲಿ ಅಂತ ಒಂದು ವೆಬ್‌ಸೈಟು, ಒಂದು ಆ್ಯಪು ಮಾಡಸ್ಲಿಕತ್ತಿದ್ಳು.

"ಅಕ್ಕಾ, ಇದನ್ನ ಲೋಗೋ ಮಾಡಿ ಕೊಡ್ರಿ" ಅಂತ ಫೋನು ಚಾಚಿದ್ಳು.

ಯಾರ್ಡಿನ ಗೇಟಿನ ಗ್ವಾಡಿಯಾಗ ಕುಂದ್ರಿಸಿದ ಒಂದು ಪರಸಿ ಕಲ್ಲು. ಅದರ ಮ್ಯಾಲ ಉಳಿಯಿಂದ ಕೊರೆದ ಒಂದೇ ಅಕ್ಷರ, ರ. ಯಾರ್ಡಿನ ಹೆಸರಿನ ಮೊದಲನೇ ಅಕ್ಷರ. ಕೊರೆದ ಗೆರಿಯೊಳಗ ಕೆಮ್ಮಣ್ಣಿನ ಬಣ್ಣ ತುಂಬಿತ್ತು.

"ಅಬ್ಬಾ ಯಾರ್ಡು ಶುರು ಮಾಡಿದ ದಿನ ತಾವೇ ಕೊರೆದಿದ್ದು" ಅಂದ್ಳು. "ರೋಡು ಅಗಲ ಮಾಡ್ಲಿಕತ್ತಾರ, ಗ್ವಾಡಿ ಹೋಗ್ತದ. ಕಲ್ಲು ಗಚ್ಚಿನ್ಯಾಗ ಕುಂತದ, ಕಿತ್ತಿದ್ರ ಉಳೀತದಂತ ಯಾರೂ ಹೇಳವಲ್ರು. ಅಮ್ಮಿ ಒಂದೇ ಮಾತು ಹಿಡಿದಾಳ, ಗ್ವಾಡಿ ಹೋದ್ರ ಹೋಗ್ಲಿ, ಅವರ ಅಕ್ಷರ ಹೋಗಬಾರದು ಅಂತ."

"ಅಮ್ಮಿ ಕನ್ನಡ ಓದ್ತಾರೇನು?"

"ಎಲ್ಲೀದು! ಉರ್ದು ಸೈತ ಕಷ್ಟಪಟ್ಟು ಓದ್ತಾಳ. ಆದ್ರ ಆ ಅಕ್ಷರ ಎಲ್ಲಿದ್ರೂ ಗುರ್ತು ಹಿಡೀತಾಳ."

ಅದು ನನಗ ತಲಿಯೊಳಗ ಹುಳ ಬಿಟ್ಟಂಗಾತು. ಓದಲಿಕ್ಕ ಬರದಾಕಿ ಒಂದು ಅಕ್ಷರ ಗುರ್ತು ಹಿಡೀತಾಳಂದ್ರ ಏನು ನೋಡಿ ಹಿಡೀತಾಳ? ರ ಅಂದ್ರ ಮ್ಯಾಲೊಂದು ತಲಿಕಟ್ಟು, ಕೆಳಗೊಂದು ಉಂಗುರ. ಊರ ತುಂಬ ಅವೇ ಅವ.

ಮರುದಿನ ನಾನೇ ಯಾರ್ಡಿಗಿ ಹೋದೆ. ಪಾಲಿಶ್ ಮಶೀನಿನ ನೀರು ಬೂದಿ ಬಣ್ಣದ ರಾಡಿಯಾಗಿ ಗೇಟಿನ ತನ ಹರಿದು ಬಂದಿತ್ತು. ಅಕ್ಷರದ ಮ್ಯಾಲ ಹಾಳಿ ಇಟ್ಟು ಪೆನ್ಸಿಲಿನಿಂದ ತಿಕ್ಕಿ ತಿಕ್ಕಿ ಅಚ್ಚು ತಕ್ಕೊಂಡೆ. ತಲಿಕಟ್ಟಿಗಿ ಉಂಗುರ ಅಂಟಿರಲಿಲ್ಲ. ನಡುವ ಒಂದು ಬೆರಳು ಸಂದು. ಕಲ್ಲು ಹಳೀದು, ಏನೋ ಸವೆದದ ಅಂತ ಅಂದ್ಕೊಂಡೆ. ಅಂಗಡಿಗಿ ಬಂದು ಕಂಪ್ಯೂಟರಿನ್ಯಾಗ ಗೆರಿ ಎಳೆದು, ತಲಿಕಟ್ಟನ್ನ ಕೆಳಗ ಇಳಿಸಿ ಉಂಗುರಕ್ಕ ಕೂಡಿಸಿದೆ. ಉಳಿಯ ಏಟಿನ ಅಂಚು ಕಾಣಲಿ ಅಂತ ಗೆರಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ ಮಾಡಿದೆ. ಹಿಂದ ಪರಸಿ ಕಲ್ಲಿನ ಬೂದಿ ಬಣ್ಣ ಹಾಕಿದೆ. ಹೊಟ್ಟಿ ತುಂಬ ಖುಷಿ ಆತು ನನಗ, ಸುಳ್ಳ್ಯಾಕ ಹೇಳ್ಲಿ.

ಫ್ಲೆಕ್ಸೂ ಆತು. ಯಾರ್ಡಿನ ಶೆಡ್ಡಿಗಿ ಕಟ್ಟಿ ಎಲ್ಲಾರೂ ಆ ಕಡೆ ಲಾರಿ ಬಾಜೂಕ ನಿಂತು ನೋಡಿದ್ರು. "ವ್ಹಾ, ಏನ್ ಶಾನ್ ಅದ!" ಅಂದ ಒಬ್ಬ. ಅಮ್ಮಿ ಮಾತ್ರ ಕುರ್ಚಿ ಮ್ಯಾಲ ಕುಂತು ಅಡಕಿ ಕತ್ತರಸ್ಕೋತ ಸುಮ್ಮನ ನೋಡಿದ್ರು. "ಛಲೋ ಅದ ಬೇಟಿ" ಅಂದ್ರು. ದನಿಯಾಗ ಏನೋ ಕಡಿಮಿ ಇತ್ತು. ವಯಸ್ಸಾಗ್ಯದ, ಕಣ್ಣು ಮಸಕು ಅಂತ ಅದನ್ನೂ ಬಿಟ್ಟೆ.

ಆ್ಯಪ್ ಮಾಡೋನು ಸೇಡಂದಾಂವ, ಮೀಸಿ ಬೆಳ್ಳಗಾಗ್ಲಿಕ್ಕ ಹತ್ತಿದ ಸಾವಕಾಶಿ ಮನಷ್ಯಾ. ನಾಕು ದಿನದ ಮ್ಯಾಲ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಬ್ರೌಸರಿನ ಮ್ಯಾಲಿನ ಪಟ್ಟಿಯಾಗ, ಸೈಟಿನ ಹೆಸರಿನ ಬಾಜೂಕ, ನಾ ಬರೆದ ರ ಕುಗ್ಗಿ ಒಂದು ಸಣ್ಣ ಮಸಿ ಹನಿ ಬಿದ್ದಂಗಿತ್ತು. ಕೆಳಗ ಬರೆದಿದ್ದ: "ಅಕ್ಕಾರ, ಇದು ಓದಲಿಕ್ಕ ಬರವಲ್ದು. ಇಂಗ್ಲೀಷ್ R ಹಾಕ್ತೀನಿ, ರೆಡಿ ಸಿಗ್ತದ."

ನನಗ ಮೂಗಿನ ತುದೀಗೇ ಸಿಟ್ಟು. ರೆಡಿ ಸಿಗ್ತದಂತ! ರೆಡಿ ಸಿಗೋದು ಚಪ್ಪಲಿ. ಆ ಹುಡುಗಿಗಿ ಫೋನ್ ಮಾಡಿದ್ರ ಆಕಿ ದನಿ ಸಣ್ಣದಾತು. "ಅಕ್ಕಾ, ಮುಂದಿನ ವಾರ ಆ್ಯಪು ಹಾಕಬೇಕಂತ. ಗ್ವಾಡಿಗೂ ಅಷ್ಟರಾಗೇ ಜೆಸಿಬಿ ಬರ್ತದ. ಎರಡೂ ಕಡೆ ಅಬ್ಬಾ ಅಕ್ಷರ ಹೋದ್ರ ಅಮ್ಮಿಗಿ ನಾ ಏನ್ ಹೇಳ್ಲಿ?"

ಸೇಡಂದಾಂವನ ಕೆಲಸಾನೇ ಸರಿ ಇಲ್ಲ, ಎದುರಿಗೇ ಕೇಳ್ತೀನಿ ಅಂತ ಮರುದಿನ ರೈಲು ಹತ್ತಿದೆ. ವಾಡಿಯಾಗ ಇಳಿದು ಬ್ಯಾರೆ ಗಾಡಿ ಹಿಡೀಬೇಕು. ಚಿತ್ತಾಪುರ ಬರೋತನ ಸಿಟ್ಟು ಹಂಗೇ ಇತ್ತು, ಆದ್ರ ಕಣ್ಣು ಮಾತ್ರ ಬಾಜೂಕಿನ ಮಂದಿ ಫೋನಿನ ಮ್ಯಾಲ ಓಡ್ಲಿಕತ್ತಿತ್ತು. ಎಷ್ಟು ಸಣ್ಣ ಸಣ್ಣ ಗುರ್ತು! ಯಾವುದೂ ಓದೋದಿಲ್ಲ ಮಂದಿ, ಹೆಬ್ಬಟ್ಟು ತಾನೇ ಹೋಗಿ ಕುಂದರ್ತದ. ಒಂದೊಂದರಾಗ ಒಂದೇ ಅಕ್ಷರ, ಒಂದೇ ಗೆರಿ, ಒಂದೇ ಬಣ್ಣ. ತೆಳ್ಳನ ಗೆರಿ ಅಂತೂ ಯಾವುದಕ್ಕೂ ಇಲ್ಲ. ಇದ್ದದ್ದೆಲ್ಲಾ ದಪ್ಪ, ಆದ್ರ ಒಳಗ ಗಾಳಿ ಆಡಂಗ ಜಾಗ. ಹಿಂಗ್ಯಾಕ ಮಾಡ್ಯಾರ ಅಂತ ಬಗ್ಗಿ ಬಗ್ಗಿ ನೋಡ್ಲಿಕತ್ತಿದ್ದೆ. ಬಾಜೂಕಿನ ಹೆಣ್ಣುಮಗಳು ಫೋನು ಮುಚ್ಕೊಂಡು "ಏನ್ರೀ, ನಮ್ಮ ಮನಿ ಮೆಸೇಜ್ ನಿಮಗ್ಯಾಕ್ರೀ?" ಅಂತ ಜೋರು ಮಾಡಿದ್ಳು. ಡಬ್ಬಿ ತುಂಬ ಮಂದಿ ನಕ್ಕರು. ನಾನೂ ನಕ್ಕೆ, ಮತ್ತೇನ್ ಮಾಡ್ಲಿ.

ಸೇಡಂದಾಗ ಆ ಮನಷ್ಯಾ ಜಗಳಕ್ಕ ಸಿಗಲಿಲ್ಲ. "ಬರ್ರಿ, ಕುಂದ್ರಿ, ಚಾ ಕುಡೀರಿ" ಅಂದ. ನನ್ನ ಫೈಲು ತೆರೆದು, ಆ ಸಣ್ಣ ಗುರ್ತನ್ನ ಹಿಗ್ಗಿಸಿ ತೋರಿಸಿದ. ಬರೇ ಚೌಕ ಚೌಕ ಮನಿ.

"ಕಾಗದದ ಮ್ಯಾಲ ನಿಮ್ಮ ಗೆರಿ ಎಲ್ಲಿ ಬೇಕಾದ್ರೂ ಹೋಗ್ತದ ಅಕ್ಕಾರ. ಇಲ್ಲಿ ಮನಿ ಎಣಿಸಿ ಕೊಟ್ಟಿರ್ತಾರ. ಅಡ್ಡ ಹದಿನಾರು, ಉದ್ದ ಹದಿನಾರು. ಒಂದು ಮನಿ ತುಂಬಬೇಕು, ಇಲ್ಲ ಖಾಲಿ ಇರಬೇಕು. ನಿಮ್ಮ ಗೆರಿ ಅರ್ಧ ಮನಿಯೊಳಗ ಬಂತಂದ್ರ ಅದು ಕರೀನೂ ಅಲ್ಲ, ಬಿಳೀನೂ ಅಲ್ಲ, ಮಸಕು ಆಗ್ತದ."

"ನನ್ನ ಫೋನಿನ್ಯಾಗ ಹಿಂಗ ಕಾಣೂದಿಲ್ಲಲ್ಲ?"

"ಹೊಸ ಫೋನಿಗಿ ಮನಿ ಜಾಸ್ತಿ. ಆದ್ರ ಕಂಟ್ರಾಕ್ಟರ್ ಆಫೀಸಿನ್ಯಾಗ ಹಳೆ ಮಾನಿಟರ್ ಇರ್ತದ. ಅಲ್ಲಿ ಇಷ್ಟೇ. ಮತ್ತ ನೋಡ್ರಿ, ನಿಮ್ಮ ಬೂದಿ ಬಣ್ಣ, ಬ್ರೌಸರಿನ ಪಟ್ಟೀನೂ ಬೂದಿ. ಎಲ್ಲಿ ಮುಗೀತದ, ಎಲ್ಲಿ ಶುರು ಅಂತ ಗೊತ್ತೇ ಆಗವಲ್ದು."

ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದಿದ್ಳಂತ. ಚಾ ಕುಡಿದು ಬಾಯಿ ಮುಚ್ಕೊಂಡು ವಾಪಸ್ ಬಂದೆ. ಸಿಟ್ಟು ಇಳಿದಿತ್ತು, ಅದರ ಜಾಗಾದಾಗ ಒಂದು ಹುಚ್ಚು ಹತ್ತಿತ್ತು. ಹದಿನಾರು ಮನಿಯೊಳಗ ಒಬ್ಬ ಮನಷ್ಯಾನ ಕೈ ಎಷ್ಟು ಉಳೀತದ?

ಗೆರಿ ಎಲ್ಲಾ ದಪ್ಪ ಮಾಡಿ ನೋಡಿದೆ. ಉಂಗುರದ ನಡುವಿನ ತೂತು ಮುಚ್ಚಿ ಹೋತು. ತೆಳ್ಳಗ ಮಾಡಿದೆ, ಮಸಕಾಗಿ ಕರಗಿ ಹೋತು. ಉಳಿಯ ಏಟಿನ ದಪ್ಪ ತೆಳು ಅಂತ ಮೆರೆದಿದ್ನಲ್ಲ, ಅದು ಸಣ್ಣದಾದ ಕೂಡಲೆ ಕೊಳಕು ಹತ್ತಿದಂಗ ಕಾಣ್ತು. ತೆಗದೆ. ಕಲ್ಲಿನ ಬೂದಿ ಬಣ್ಣಾನೂ ತೆಗದೆ. ಅಬ್ಬಾ ತುಂಬಿದ ಕೆಮ್ಮಣ್ಣನ್ನೇ ಹಿಂದ ಹಾಕಿ ಅಕ್ಷರ ಬೆಳ್ಳಗ ಮಾಡಿದೆ. ಇದೊಂದು ಪಾಸ್. ಫೋನಿಗಿ ಹಾಕಿ ನೋಡಿದ್ರ ನನ್ನದರಾಗ ಚೌಕ ಕಾಣ್ತು, ಆ ಹುಡುಗಿ ಫೋನಿನ್ಯಾಗ ಅದೇ ಚಿತ್ರ ದುಂಡಗ ಕತ್ತರಿಸಿ, ತಲಿಕಟ್ಟಿನ ಬಾಲ ಹಾರಿ ಹೋಗಿತ್ತು! ಒಂದೊಂದು ಕಂಪನಿ ಫೋನು ಒಂದೊಂದು ಆಕಾರಕ್ಕ ಕತ್ತರಸ್ತದಂತ. ಮೂಲಿಯೊಳಗ ಏನೂ ಇಡಬಾರದು, ಇರೋದೆಲ್ಲಾ ನಡುವೇ ಇರಬೇಕು ಅಂತ ಅವತ್ತು ಕಲ್ತೆ.

ಹುಡುಗಿ ತನ್ನ ಬುದ್ಧೀನೂ ಓಡಿಸಿದ್ಳು. "ಅಕ್ಕಾ, ಉಂಗುರದ ನಡುವ ಖಾಲಿ ಖಾಲಿ ಅದ. ಅಬ್ಬಾ ಕೈಯಾಗಿನ ಉಳಿಯ ಒಂದು ಸಣ್ಣ ಗುರ್ತು ಇಡೂಣೇನು?" ಇಟ್ಟೆ. ಕಂಪ್ಯೂಟರಿನ್ಯಾಗ ಭಾರಿ ಚಂದ ಉಳಿ. ಸಣ್ಣದು ಮಾಡಿದೆ, ಉಳಿ ಹೋಗಿ ಚುಕ್ಕಿ ಆತು. ಅಷ್ಟರಾಗ ಚಿಮ್ಮನಚೋಡದ ಒಬ್ಬ ರೈತ ಲಗ್ನದ ಕಾರ್ಡು ಒಯ್ಯಲಿಕ್ಕ ಬಂದಿದ್ದ. ಅಂವಗ ಫೋನು ಹಿಡಿದು "ಕಾಕಾ, ಇದೇನ್ ಅಕ್ಷರ ಹೇಳ್ರಿ" ಅಂದೆ. ಕಣ್ಣು ಸಣ್ಣ ಮಾಡಿ ನೋಡಿ "ಠ" ಅಂದ. ಹೌದಲ್ಲ, ಉಂಗುರದಾಗ ಚುಕ್ಕಿ ಇಟ್ರ ರ ಹೋಗಿ ಠ ಆಗ್ತದ, ಒಂದನೆ ಇಯತ್ತಿನ ಪಾಠ. ಹುಡುಗಿ ಹಣಿ ಬಡ್ಕೊಂಡ್ಳು. ಕಾಕಾಗ ಏನೂ ತಿಳೀಲಿಲ್ಲ, "ತಪ್ಪ್ ಹೇಳಿದ್ನೇನ್ರಿ?" ಅಂತ ಕೇಳಿದ. "ಬರೋಬ್ಬರಿ ಹೇಳಿದ್ರಿ, ನಮ್ಮ ತಲೀನೇ ಸರಿ ಇಲ್ಲ" ಅಂದೆ.

ಕಂಪ್ಯೂಟರಿನ್ಯಾಗ ಸಾಕಾತು. ಅಲ್ಲಿ ಹಿಗ್ಗಿಸಿ ಹಿಗ್ಗಿಸಿ ಕೆಲಸ ಮಾಡಿ ನಾನೇ ಮೋಸ ಹೋಗ್ಲಿಕತ್ತಿದ್ದೆ. ಕಡೀಗಿ ನನ್ನ ಅಂಗಡಿಯ ಪರಸಿ ನೆಲದ ಮ್ಯಾಲ ಸೀಮೆಸುಣ್ಣದಿಂದ ಹದಿನಾರು ಅಡ್ಡ, ಹದಿನಾರು ಉದ್ದ ಮನಿ ಹಾಕಿದೆ. ಯಾರ್ಡಿಂದ ಒಂದು ಚೀಲ ಕಲ್ಲಿನ ಚೂರು ತರಿಸಿ ಒಂದೊಂದು ಮನಿಗಿ ಒಂದೊಂದು ಇಟ್ಟೆ. ಇಟ್ಟು, ಸ್ಟೂಲಿನ ಮ್ಯಾಲ ಹತ್ತಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡೋದು. ಅಂಗಡಿಗಿ ಬಂದ ಗಿರಾಕಿ ಬಾಗಲಾಗೇ ನಿಂತು "ಏನಕ್ಕಾರ, ಮಾಟ ಮಾಡ್ಲಿಕತ್ತೀರೇನು?" ಅಂತಿದ್ರು.

ಮ್ಯಾಲೊಂದು ಸಾಲು ಅಂಚಿಗಿ ಬಿಡಬೇಕು, ಕೆಳಗೊಂದು. ಉಂಗುರದ ಗೆರಿ ಎರಡು ಮನಿ ದಪ್ಪ ಇದ್ರ, ನಡುವ ಆರು ಮನಿ ತೂತು ಉಳೀತದ. ಛಲೋ. ಆದ್ರ ತಲಿಕಟ್ಟು ಅದಕ್ಕ ಅಂಟಿಸಿದ ಕೂಡಲೆ ತಲಿಕಟ್ಟಿನ ನಾಕು ಸಾಲು, ಉಂಗುರದ ಮ್ಯಾಲಿನ ಎರಡು ಸಾಲು ಕೂಡಿ ಒಂದೇ ಗಡ್ಡಿ. ಸ್ಟೂಲಿನ ಮ್ಯಾಲಿಂದ ನೋಡಿದ್ರ ರ ಅಲ್ಲ, ಮುಚ್ಚಳ ಹಾಕಿದ ತಂಬಿಗಿ. ಎಷ್ಟು ಸರಿಸಿದ್ರೂ ತಂಬಿಗಿ. ಬ್ಯಾಸತ್ತು ತಲಿಕಟ್ಟಿನ ಕೆಳಗಿನ ಒಂದು ಸಾಲು ಚೂರನ್ನ ಕಾಲಿಲೆ ಒದ್ದು ಬಿಟ್ಟೆ. ಒದ್ದಾಕಿ ಹಂಗೇ ನಿಂತೆ. ಮ್ಯಾಲ ತಲಿಕಟ್ಟು, ನಡುವ ಒಂದು ಸಾಲು ಖಾಲಿ ನೆಲ, ಕೆಳಗ ಉಂಗುರ. ಸ್ವಚ್ಛ ರ. ಬಾಗಲ ಆ ಕಡಿಂದ ನೋಡಿದ್ರೂ ರ.

ಓಡಿ ಹೋಗಿ ಆ ಪೆನ್ಸಿಲ್ ಅಚ್ಚಿನ ಹಾಳಿ ಹುಡುಕಿ ತೆಗದೆ. ಅದರಾಗ ಅದೇ ಸಂದು! ನಾನೇ ಸವಕಳಿ ಅಂತ ತಿಳಿದು ಮುಚ್ಚಿದ ಸಂದು. ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದಂಗಾತು. ತಲಿಕಟ್ಟಿಗಿ ಮೂರು ಸಾಲು, ಖಾಲಿ ಒಂದು, ಉಂಗುರಕ್ಕ ಹತ್ತು, ಅಂಚಿಗಿ ಎರಡು, ಹದಿನಾರು ಭರ್ತಿ. ಆದ್ರ ಕಲ್ಲು ಕೊರೆದ ಮನಷ್ಯಾಗ ಆವಾಗ ಈ ಹದಿನಾರು ಮನಿ ಎಲ್ಲಿ ಗೊತ್ತಿತ್ತು? ಅಂವ ಸಂದು ಯಾಕ ಬಿಟ್ಟ? ಇದನ್ನ ತಿಳಕೊಳ್ಳದ ನನಗ ಊಟ ರುಚಿಸಲಿಲ್ಲ.

ಸಂಜಿಮುಂದ ಅಚ್ಚಿನ ಹಾಳಿ ಹಿಡಕೊಂಡು ಅಮ್ಮಿ ಹತ್ರ ಹೋಗಿ ಕುಂತೆ. "ಖಾಲಾ, ಈ ಸಂದು ಅವರು ಬೇಕಂತ ಬಿಟ್ಟಿದ್ರೇನು?"

ಅಮ್ಮಿ ಬಾಯಿಗಿ ಸೆರಗು ಅಡ್ಡ ಹಿಡಿದು ನಗ್ಲಿಕ್ಕ ಶುರು ಮಾಡಿದ್ರು.

"ಬೇಕಂತ ಎಲ್ಲೀದು ಬೇಟಿ! ಉಂಗುರ ಕೊರೆದಿದ್ರು, ತಲಿಕಟ್ಟು ಕೊರೆದಿದ್ರು, ಎರಡನ್ನೂ ಕೂಡಸ್ಲಿಕ್ಕ ಉಳಿ ಇಟ್ರು. ಈ ಪರಸಿ ಹಪ್ಪಳದಂಗ ಪದರ ಪದರ ಇರ್ತದ. ಟಪ್ ಅಂತ ಒಂದು ಚಕ್ಕಿ ಎದ್ದು ಬಿತ್ತು. ಕೊರಿಯೋ ಜಾಗಾನೇ ಇಲ್ಲದಂಗಾತು. ನಾನು ಬಾಜೂಕೇ ಇದ್ದೆ, ಹೊಸದಾಗಿ ಮದುವಿಯಾಗಿ ಬಂದಾಕಿ. ಹಾಳಾತಲ್ಲ ಅಂದೆ. ಅದಕ್ಕ ಏನಂದ್ರು ಗೊತ್ತೇನು? ಹಾಳಾಗಿಲ್ಲ, ನಾ ಹಿಂಗೇ ಬರೀತೀನಿ ಅಂದ್ರು."

"ಸೊಕ್ಕು!" ಅಂದೆ.

"ಸೊಕ್ಕಂದ್ರ ಎಂಥಾ ಸೊಕ್ಕು! ಮಾತು ಉಳಸ್ಕೊಳ್ಳಲಿಕ್ಕ ಆವತ್ತಿಂದ ಎಲ್ಲಾ ಕಡೆ ಹಂಗೇ ಬರೆದ್ರು. ಲಾರಿ ಮ್ಯಾಲ ಸಂದು, ನೀರಿನ ಟಾಕಿ ಮ್ಯಾಲ ಸಂದು, ಕಲ್ಲಿಗಿ ಹಾಕೋ ಸುಣ್ಣದ ಗುರ್ತಿಗೂ ಸಂದು. ನನಗೊಬ್ಬಾಕಿಗೇ ಗೊತ್ತಿತ್ತು. ಜಗಳ ಆದಾಗೆಲ್ಲಾ ಚಕ್ಕಿ ಅಂತಿದ್ದೆ, ಸುಮ್ಮನಾಗಿ ಬಿಡ್ತಿದ್ರು."

ಮಗಳು ಬಾಯಿ ತೆರೆದು ಕೇಳ್ಲಿಕತ್ತಿದ್ಳು. "ನನಗ್ಯಾಕ ಹೇಳಲಿಲ್ಲ ಅಮ್ಮೀ?" ಅಂದ್ಳು.

"ಅವರ ಮಾನ ನಾ ತೆಗೀಲೇನು?" ಅಂದ್ರು ಅಮ್ಮಿ. ನನ್ನ ಕಡೆ ತಿರುಗಿ, "ನಿನ್ನ ಆ ದೊಡ್ಡ ಫ್ಲೆಕ್ಸಿನ್ಯಾಗ ಅದು ಇರಲಿಲ್ಲ. ಛಲೋ ಇತ್ತು, ಆದ್ರ ಅವರದಾಗಿರಲಿಲ್ಲ" ಅಂದ್ರು.

ಅವತ್ತೇ ಕುಂತು ಮತ್ತ ಬರೆದೆ. ಆ್ಯಪಿಗಿ ದೊಡ್ಡ ಗಾತ್ರದ್ದು ಬ್ಯಾರೆ ಬರೆದೆ, ಹದಿನಾರು ಮನೀದು ಬ್ಯಾರೆ ಬರೆದೆ. ಒಂದನ್ನೇ ಕುಗ್ಗಿಸಿದ್ರ ನಡೆಯೋದಿಲ್ಲ, ಸಣ್ಣದಕ್ಕ ಸಂದು ಲೆಕ್ಕಕ್ಕಿಂತ ಅಗಲ ಇಡಬೇಕು, ಬಾಲ ಗಿಡ್ಡ ಮಾಡಬೇಕು. ಸೇಡಂದಾಂವ ನೋಡಿ ಒಂದೇ ಸಾಲು ಕಳಿಸಿದ: "ಈಗ ಓದ್ಲಿಕ್ಕ ಬರ್ತದ ಅಕ್ಕಾರ, ಇದನ್ನೇ ಹಾಕ್ತೀನಿ."

ಜೆಸಿಬಿ ಬಂದ ದಿನ ನನಗೂ ಕರೆ ಬಂತು. ಯಾರ್ಡಿನ ಕೆಲಸದವ್ರು ಮುಂಜಾನಿಂದ ಕಲ್ಲಿನ ಸುತ್ತ ಗಚ್ಚು ಕೆರೆದು ಕೆರೆದು ತೆಗೆದಿದ್ರು. ಹಗ್ಗ ಕಟ್ಟಿ ಸಾವಕಾಶ ಎಳೆದ್ರು. ಅರ್ಧ ಹೊರಗ ಬಂದಿತ್ತು. ಒಳಗಿನ ಪದರ ಗ್ವಾಡಿಗೇ ಹಿಡಿದು ನಿಂತು, ಮ್ಯಾಲಿನ ಪದರ ಬಿಚ್ಚಿ ನೆಲಕ್ಕ ಬಿತ್ತು. ಉಂಗುರ ಎಲ್ಲಿ, ತಲಿಕಟ್ಟು ಎಲ್ಲಿ, ಕೆಂಪು ಬಣ್ಣದ ಚೂರು ರಾಡಿಯಾಗ. ಎಳೆದಾಂವ ಹಗ್ಗ ಬಿಟ್ಟು ತಲಿ ಮ್ಯಾಲ ಕೈ ಇಟ್ಟುಕೊಂಡು ಕುಂತ. ನನಗ ಅಳು ತಡಕೊಳ್ಳಲಿಕ್ಕ ಆಗಲಿಲ್ಲ. ನಾ ಯಾರು ಆ ಅಕ್ಷರ ಕೊರೆದ ಮನಷ್ಯಾಗ? ಮಾತು ಸೈತ ಆಡಿದಾಕಿ ಅಲ್ಲ. ಆದ್ರೂ ಅಳು ಬಂತು.

ಅಮ್ಮಿ ಕುರ್ಚಿ ಬಿಟ್ಟು ಏಳಲಿಲ್ಲ. ಅಡಕೊತ್ತು ಕೈಯಾಗೇ ಇತ್ತು, ಅಡಕಿ ಇರಲಿಲ್ಲ.

ಮಗಳು ಹೋಗಿ ಬಾಜೂಕ ಕುಂತು ತನ್ನ ಫೋನು ಅಮ್ಮಿ ಕೈಯಾಗ ಇಟ್ಟಳು. ಪರದೆ ತುಂಬ ಹತ್ತಾರು ಗುರ್ತು, ಕೆಂಪು, ನೀಲಿ, ಹಸುರು. ಅವುಗಳ ನಡುವ ಹೆಬ್ಬಟ್ಟಿನ ಉಗುರಿನಷ್ಟು ನಮ್ಮ ರ. ಅಮ್ಮಿ ಕಣ್ಣಿಗಿ ಚಶ್ಮಾ ಸೈತ ಇರಲಿಲ್ಲ. ಫೋನನ್ನ ತೋಳುದ್ದ ದೂರ ಹಿಡಿದ್ರು, ಮತ್ತ ಹತ್ರ ತಂದ್ರು. ಬೆರಳು ಒಂದು ಸಾಲು ದಾಟಿತು, ಇನ್ನೊಂದು ಸಾಲು ದಾಟಿತು, ಬಂದು ಅದರ ಮ್ಯಾಲೇ ನಿಂತಿತು. ಒತ್ತಲಿಲ್ಲ. ತಲಿಕಟ್ಟಿನ ಕೆಳಗ, ಖಾಲಿ ಜಾಗಾದ ಹತ್ರ ಉಗುರು ತೋರಿಸಿ ಮಗಳಿಗಿ ಹೇಳಿದ್ರು:

"ನೋಡು, ಚಕ್ಕಿ ಎದ್ದಿದ್ದು ಇಲ್ಲೇ."